ಅಪ್ಪನ ಫ್ಲ್ಯಾಟ್ ಮಾರುವ ಎನ್‌ಆರ್‌ಐ: ಟಿಡಿಎಸ್ ಎಷ್ಟು, ಹೆಚ್ಚು ಕಡಿತವಾದರೆ ಏನು ಮಾಡಬೇಕು?

ದುಬೈನಲ್ಲಿ ನೆಲೆಸಿರುವ ಒಬ್ಬರು ಪುಣೆಯಲ್ಲಿರುವ ತಂದೆಯ ಫ್ಲ್ಯಾಟನ್ನು 2025ರ ಸೆಪ್ಟೆಂಬರ್‌ನಲ್ಲಿ 48 ಲಕ್ಷ ರೂ.ಗೆ ಮಾರಲು ಮಾತುಕತೆ ಮುಗಿಸಿದ್ದಾರೆ ಎಂದುಕೊಳ್ಳಿ. ‘50 ಲಕ್ಷದೊಳಗಿನ ವ್ಯವಹಾರ, ಟಿಡಿಎಸ್ ಇಲ್ಲ’ ಎನ್ನುತ್ತಾರೆ ಖರೀದಿದಾರರು. ಇದು ತಪ್ಪು. 50 ಲಕ್ಷದ ಮಿತಿ ಮತ್ತು ಶೇ 1ರ ದರ ಇರುವುದು ಮಾರುವವರು ಭಾರತದ ನಿವಾಸಿಯಾಗಿದ್ದಾಗ ಮಾತ್ರ. ಅನಿವಾಸಿಗೆ ಹಣ ಕೊಡುವಾಗ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 195 ಅನ್ವಯಿಸುತ್ತದೆ, ಅದರಲ್ಲಿ ಇಂತಹ ಮಿತಿ ಇಲ್ಲ.

ಲೆಕ್ಕ ಹೀಗಿದೆ

ತಂದೆ ಫ್ಲ್ಯಾಟ್ ಕೊಂಡಿದ್ದು 1994ರಲ್ಲಿ. ಅವರು ಇಟ್ಟುಕೊಂಡಿದ್ದ ಅವಧಿಯೂ ಮಗನ ಲೆಕ್ಕಕ್ಕೆ ಸೇರುವುದರಿಂದ ಇದು ದೀರ್ಘಾವಧಿ ಬಂಡವಾಳ ಲಾಭ. ತೆರಿಗೆ ಶೇ 12.5, ಸೆಸ್ ಸೇರಿ ಶೇ 13. (ಲಾಭ 50 ಲಕ್ಷ ದಾಟಿದರೆ ಸರ್ಚಾರ್ಜ್ ಕೂಡ ಸೇರುತ್ತದೆ.) 2001ಕ್ಕಿಂತ ಮೊದಲು ಕೊಂಡ ಆಸ್ತಿಯಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಖರೀದಿ ಬೆಲೆ ಎಂದು ತೋರಿಸಬಹುದು. ಆದರೆ ಅದು ಅಂದಿನ ಮುದ್ರಾಂಕ ಶುಲ್ಕದ ಮೌಲ್ಯವನ್ನು ಮೀರುವಂತಿಲ್ಲ. ಆ ಬೆಲೆ 8 ಲಕ್ಷ ಎಂದಾದರೆ ಲಾಭ 40 ಲಕ್ಷ, ತೆರಿಗೆ 5.20 ಲಕ್ಷ ರೂ.

ಆದರೆ ಲಾಭವೆಷ್ಟು ಎಂದು ಖಚಿತಪಡಿಸಿಕೊಳ್ಳುವ ದಾರಿ ಖರೀದಿದಾರರಿಗಿಲ್ಲ. ಕಡಿಮೆ ಕಡಿತ ಮಾಡಿದರೆ ಬಾಕಿ ತೆರಿಗೆ, ಬಡ್ಡಿ ಅವರ ತಲೆಗೇ ಬರುತ್ತದೆ. ಹಾಗಾಗಿ ಸಾಮಾನ್ಯವಾಗಿ ಪೂರ್ತಿ 48 ಲಕ್ಷದ ಮೇಲೆ 6.24 ಲಕ್ಷ ಕಡಿತ ಮಾಡುತ್ತಾರೆ. ಅಂದರೆ 1.04 ಲಕ್ಷ ಹೆಚ್ಚುವರಿ. ಮಗ ಭಾರತದಲ್ಲೇ ಮತ್ತೊಂದು ಮನೆ ಕೊಂಡು ವಿನಾಯಿತಿ ಪಡೆಯುವುದಾದರೆ ಸಿಕ್ಕಿಬೀಳುವ ಮೊತ್ತ ಇನ್ನೂ ದೊಡ್ಡದು.

ಮೊದಲೇ ಪ್ರಮಾಣಪತ್ರ ಪಡೆಯಿರಿ

ಇದನ್ನು ತಪ್ಪಿಸಲು ಮಾರುವವರು ಟ್ರೇಸಸ್ ಪೋರ್ಟಲ್‌ನಲ್ಲಿ ಫಾರ್ಮ್ 13 ಸಲ್ಲಿಸಬೇಕು. ತಂದೆಯ ಖರೀದಿ ಪತ್ರ, ಮರಣ ಪ್ರಮಾಣಪತ್ರ, ವಿಲ್ ಅಥವಾ ವಾರಸುದಾರಿಕೆಯ ದಾಖಲೆ, 2001ರ ಮೌಲ್ಯಮಾಪನ ವರದಿ, ಮಾರಾಟದ ಕರಾರು ಮತ್ತು ಖರೀದಿದಾರರ ಟ್ಯಾನ್ ಸಂಖ್ಯೆ ಬೇಕಾಗುತ್ತದೆ. ಅಧಿಕಾರಿ ಕಡಿಮೆ ದರ ನಿಗದಿಪಡಿಸಿ ಆ ಟ್ಯಾನ್‌ಗೆ ಸೀಮಿತವಾದ ಪ್ರಮಾಣಪತ್ರ ಕೊಡುತ್ತಾರೆ. ಈಗಾಗಲೇ ಪಾವತಿಯಾದ ಹಣಕ್ಕೆ ಅದು ಅನ್ವಯಿಸುವುದಿಲ್ಲ. ಮುಂಗಡಕ್ಕೂ ಟಿಡಿಎಸ್ ಇರುವುದರಿಂದ, ಪ್ರಮಾಣಪತ್ರ ಕೈಸೇರುವ ತನಕ ದೊಡ್ಡ ಮೊತ್ತ ಪಡೆಯದಿರುವುದು ಒಳ್ಳೆಯದು.

ಕಡಿತವಾಗಿ ಹೋಗಿದ್ದರೆ

ಆಗ ಉಳಿಯುವುದು ರೀಫಂಡ್ ದಾರಿ. ಆರ್ಥಿಕ ವರ್ಷ ಮುಗಿದ ಬಳಿಕ ಐಟಿಆರ್-2 ಸಲ್ಲಿಸಿ ಹೆಚ್ಚುವರಿ ಹಣ ಕೇಳಬೇಕು. ಅದಕ್ಕೂ ಮುನ್ನ ಫಾರ್ಮ್ 26ಎಎಸ್ ನೋಡಿ. ಖರೀದಿದಾರರು ಟಿಡಿಎಸ್ ಕಟ್ಟಿ, ತ್ರೈಮಾಸಿಕ ಫಾರ್ಮ್ 27ಕ್ಯೂ ಸಲ್ಲಿಸಿದ್ದರೆ ಮೊತ್ತ ಸೆಕ್ಷನ್ 195ರ ಅಡಿ ಕಾಣಿಸುತ್ತದೆ. ನಿವಾಸಿಗಳಿಗಾಗಿ ಇರುವ 26ಕ್ಯೂಬಿ ಬಳಸಿ ಶೇ 1ರಷ್ಟೇ ಕಟ್ಟಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಏನೂ ಕಾಣಿಸದಿದ್ದರೆ ಮೊದಲು ಖರೀದಿದಾರರಿಂದ ಅದನ್ನು ಸರಿಪಡಿಸಿಕೊಳ್ಳಿ. ದಾಖಲೆಯಲ್ಲಿಲ್ಲದ ಟಿಡಿಎಸ್‌ಗೆ ರೀಫಂಡ್ ಕೇಳಿದರೆ ಹಣ ಬರುವುದು ಕಷ್ಟ.