ವೈಫೈ ಸಿಗ್ನಲ್ ಫುಲ್ ಇದ್ರೂ ಇಂಟರ್ನೆಟ್ ಸ್ಲೋ! ಮುಂಬೈನ ಕೆಫೆ, ಹಾಸ್ಟೆಲ್, ನಿಲ್ದಾಣಗಳಲ್ಲಿ ಯಾಕೆ ಹೀಗೆ? ಪರಿಹಾರವೇನು?

ಮುಂಬೈ: ಅಂಧೇರಿಯ ಕೆಫೆ ಇರಲಿ, ದಾದರ್‌ನ ಹಾಸ್ಟೆಲ್ ಇರಲಿ, ವಿಮಾನ ನಿಲ್ದಾಣದ ಲಾಂಜ್ ಇರಲಿ, ಮೊಬೈಲ್‌ನಲ್ಲಿ ವೈಫೈ ಗೆರೆಗಳೆಲ್ಲ ತುಂಬಿರುತ್ತವೆ. ಆದರೆ ವಾಟ್ಸ್‌ಆ್ಯಪ್ ಫೋಟೋ ಕೂಡ ಡೌನ್‌ಲೋಡ್ ಆಗುವುದಿಲ್ಲ. ಆ ಗೆರೆಗಳು ತೋರಿಸುವುದು ನಿಮ್ಮ ಫೋನ್‌ಗೆ ರೂಟರ್ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ. ಇಂಟರ್ನೆಟ್ ವೇಗಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಹಾಗಾದರೆ ವೇಗ ಎಲ್ಲಿ ಸೋರಿಹೋಗುತ್ತದೆ?

ಒಬ್ಬರು ನಿಧಾನವಾದರೆ ಎಲ್ಲರೂ ನಿಧಾನ

ಒಂದು ಚಾನೆಲ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಾಧನ ಮಾತನಾಡುತ್ತದೆ. ಉಳಿದವು ಸರದಿಗಾಗಿ ಕಾಯುತ್ತವೆ. ಸರದಿ ಸಿಗುವುದು ಸಮಯದ ಲೆಕ್ಕದಲ್ಲಿ ಅಲ್ಲ, ಹೆಚ್ಚಾಗಿ ಡೇಟಾದ ಲೆಕ್ಕದಲ್ಲಿ. ತೊಂದರೆ ಇರುವುದೇ ಇಲ್ಲಿ.

ಒಂದು ಉದಾಹರಣೆ ನೋಡಿ. ಕೆಫೆಯಲ್ಲಿ ರೂಟರ್ ಪಕ್ಕ ಕುಳಿತ ನಿಮ್ಮ ಲ್ಯಾಪ್‌ಟಾಪ್ 100 ಎಂಬಿಪಿಎಸ್ ವೇಗದಲ್ಲಿ ಮಾತನಾಡಬಲ್ಲದು. ಗೋಡೆಯಾಚೆಯ ಮೂಲೆಯಲ್ಲಿ ಕುಳಿತವರ ಹಳೆಯ ಫೋನ್‌ಗೆ ಸಿಗುವುದು 5 ಎಂಬಿಪಿಎಸ್. ಇಬ್ಬರಿಗೂ ತಲಾ 10 ಮೆಗಾಬಿಟ್ ಡೇಟಾ ಬೇಕು ಎಂದುಕೊಳ್ಳಿ. ನಿಮ್ಮ ಪಾಲು 0.1 ಸೆಕೆಂಡಿನಲ್ಲಿ ಮುಗಿಯುತ್ತದೆ, ಅವರ ಪಾಲಿಗೆ 2 ಸೆಕೆಂಡ್ ಬೇಕು. ಅಂದರೆ ಒಂದು ಸುತ್ತಿಗೆ 2.1 ಸೆಕೆಂಡ್. ಸರದಿ ಹೀಗೇ ಸಾಗಿದರೆ ಇಬ್ಬರಿಗೂ ಸಿಗುವುದು 5 ಎಂಬಿಪಿಎಸ್‌ಗಿಂತ ಕಡಿಮೆ. ರೂಟರ್ ಪಕ್ಕದಲ್ಲೇ ಕುಳಿತರೂ ನಿಮಗೆ ಲಾಭವಾಗಲಿಲ್ಲ! ಸಮಯವನ್ನು ಸಮನಾಗಿ ಹಂಚುವ ಹೊಸ ರೂಟರ್‌ಗಳಲ್ಲಿ ಈ ತೊಂದರೆ ಕಡಿಮೆ.

ಇದರ ಜೊತೆಗೆ ಅಕ್ಕಪಕ್ಕದವರ ಕಾಟ. 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಮುಂಬೈನಂಥ ಒತ್ತೊತ್ತು ಕಟ್ಟಡಗಳ ಊರಿನಲ್ಲಿ ಮೇಲಿನ ಮನೆ, ಪಕ್ಕದ ಅಂಗಡಿ, ಎದುರಿನ ಆಫೀಸ್ ಎಲ್ಲವೂ ಈ ಮೂರನ್ನೇ ಹಂಚಿಕೊಳ್ಳಬೇಕು.

ರೈಲು ನಿಲ್ದಾಣದ ಕಥೆಯೇ ಬೇರೆ

2016ರ ಜನವರಿಯಲ್ಲಿ ಗೂಗಲ್ ಮತ್ತು ರೈಲ್‌ಟೆಲ್ ಸೇರಿ ಉಚಿತ ವೈಫೈ ಆರಂಭಿಸಿದ ಮೊದಲ ನಿಲ್ದಾಣ ಮುಂಬೈ ಸೆಂಟ್ರಲ್. 2020ರಲ್ಲಿ ಗೂಗಲ್ ಹಿಂದೆ ಸರಿಯಿತು, ರೈಲ್‌ಟೆಲ್ ಸೇವೆ ಮುಂದುವರಿಸಿತು. 2021ರಲ್ಲಿ ಹಣ ಕೊಟ್ಟು ಪಡೆಯುವ ಪ್ಲಾನ್‌ಗಳು ಬಂದಾಗ, ಉಚಿತ ಬಳಕೆಗೆ ದಿನಕ್ಕೆ 30 ನಿಮಿಷ, 1 ಎಂಬಿಪಿಎಸ್ ಎಂಬ ಮಿತಿ ಇತ್ತು. ಈ ವೇಗದಲ್ಲಿ 10 ಎಂಬಿ ಫೈಲ್‌ಗೆ 80 ಸೆಕೆಂಡ್ ಬೇಕು. ಅರ್ಧ ಗಂಟೆ ಪೂರ್ತಿ ಬಳಸಿದರೂ ಸಿಗುವುದು ಸುಮಾರು 225 ಎಂಬಿ. ಟಿಕೆಟ್ ನೋಡಲು, ಮೇಲ್ ಕಳುಹಿಸಲು ಸಾಕು, ಸಿನಿಮಾಕ್ಕೆ ಸಾಲದು. ಇಂಥ ಕಡೆ ಜಾಗ ಬದಲಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ವೇಗಕ್ಕೆ ಕಡಿವಾಣ ಹಾಕಿರುವುದೇ ಸೇವೆ ಕೊಡುವವರು.

ತೊಂದರೆ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಎರಡು ಕಡೆ ಸ್ಪೀಡ್ ಟೆಸ್ಟ್ ಮಾಡಿ. ಒಮ್ಮೆ ನಿಮ್ಮ ಸೀಟಿನಲ್ಲಿ, ಇನ್ನೊಮ್ಮೆ ರೂಟರ್‌ಗೆ ಹತ್ತಿರ ನಿಂತು.

* ಹತ್ತಿರ ಹೋದಾಗ ವೇಗ ಏರಿದರೆ ತೊಂದರೆ ದೂರ ಅಥವಾ ಗೋಡೆಯದು. ಸೀಟು ಬದಲಿಸಿ.
* ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಮಿತಿ ಹಾಕಿರಬಹುದು, ಇಲ್ಲವೇ ಹೊರಗಿನಿಂದ ಬರುವ ಲೈನೇ ಚಿಕ್ಕದಿರಬಹುದು.
* ಒಂದೇ ಜಾಗದಲ್ಲಿ ಪ್ರತಿ ಸಲ ಬೇರೆ ಬೇರೆ ಅಂಕಿ ಬಂದರೆ ಜನದಟ್ಟಣೆ ಕಾರಣ.

ಸ್ಪೀಡ್ ಟೆಸ್ಟ್‌ಗೂ ಸಾಕಷ್ಟು ಡೇಟಾ ಖರ್ಚಾಗುತ್ತದೆ. ಹಾಗಾಗಿ ಪದೇ ಪದೇ ಮಾಡಬೇಡಿ.

ಹೀಗೆ ಮಾಡಿ ನೋಡಿ

ಒಂದೇ ಜಾಗದಲ್ಲಿ ಎರಡು ನೆಟ್‌ವರ್ಕ್ ಹೆಸರು ಕಂಡರೆ 5G ಎಂದು ಬರೆದಿರುವುದನ್ನು ಆರಿಸಿ. ಇದು ಮೊಬೈಲ್‌ನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಬ್ಯಾಂಡ್. ಇಲ್ಲಿ ಚಾನೆಲ್‌ಗಳು ಹೆಚ್ಚು, ಗದ್ದಲ ಕಡಿಮೆ. ಆದರೆ ಇದು ಗೋಡೆಗಳನ್ನು ದಾಟುವುದು ಕಷ್ಟ, ರೂಟರ್ ಕಾಣುವಂತೆ ಕುಳಿತರೆ ಉತ್ತಮ.

ಫೋಟೋ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್ ನಿಲ್ಲಿಸಿ. ವೈಫೈ ಸಿಕ್ಕ ಕೂಡಲೇ ಇವು ಹಿಂದಿನಿಂದ ಶುರುವಾಗುತ್ತವೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಆ ನೆಟ್‌ವರ್ಕ್‌ಗೆ Metered connection ಆನ್ ಮಾಡಿದರೆ ಹೆಚ್ಚಿನ ಅಪ್‌ಡೇಟ್‌ಗಳು ತಡೆಯುತ್ತವೆ.

ಒಟಿಪಿ ಕೇಳುವ ಲಾಗಿನ್ ಪುಟವೇ ತೆರೆಯದಿದ್ದರೆ ವಿಪಿಎನ್ ಆಫ್ ಮಾಡಿ, ಬ್ರೌಸರ್‌ನಲ್ಲಿ neverssl.com ಎಂದು ಟೈಪ್ ಮಾಡಿ. ಬಹುತೇಕ ಕಡೆ ಲಾಗಿನ್ ಪುಟ ತಾನಾಗಿ ಬರುತ್ತದೆ.

ಹಾಸ್ಟೆಲ್‌ನಲ್ಲಿ ಗೋಡೆಗೆ ಲ್ಯಾನ್ ಪಾಯಿಂಟ್ ಇದ್ದರೆ ಕೇಬಲ್ ಹಾಕಿ. ಗಾಳಿಯಲ್ಲಿನ ಸರದಿಯೇ ತಪ್ಪುತ್ತದೆ. ತುರ್ತು ಮೀಟಿಂಗ್ ಇದ್ದರೆ ಫೋನ್ ಅನ್ನು ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿ, ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಬಳಸಿ. ವೈಫೈ ಹಾಟ್‌ಸ್ಪಾಟ್ ಆನ್ ಮಾಡಿದರೆ ಅದೂ ಅದೇ ಗದ್ದಲಕ್ಕೆ ಸೇರಿಕೊಳ್ಳುತ್ತದೆ ಎಂಬುದು ನೆನಪಿರಲಿ.