ಸುಸ್ತು ಮತ್ತು ಸುಸ್ತಿ

ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾದ ಮೇಲೆ ಯಾರನ್ನಾದರೂ ಎಲ್ಲಿಗಾದರೂ ಕರೆದು ನೋಡಿ. ‘ನಾಳೆ ಸೂಳೆಕೆರೆ ಕಡೆ ಹೋಗಿ ಬರಾಣೇನಲೇ?’ ಎಂದರೆ ಆ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಇದೇ: ‘ಇಲ್ಲ ಮಾರಾಯ, ಅಡಿಕೆ ಸುಲ್ದು ಸುಲ್ದು ಸುಸ್ತಾಗೈತಿ.’ ಮಾತು ಅಲ್ಲಿಗೆ ಮುಗಿಯಿತು. ಕರೆದವನು ಮತ್ತೆ ಕೇಳುವುದಿಲ್ಲ, ಬರಲಾರದವನು ಮತ್ತೆ ಸಮಜಾಯಿಷಿ ಕೊಡುವುದಿಲ್ಲ. ಅದೇ ಮನುಷ್ಯ ‘ಮನಸಿಲ್ಲ’ ಎಂದಿದ್ದರೆ? ‘ಯಾಕ, ನನ್ ಮ್ಯಾಲೆ ಸಿಟ್ಟೇನು?’ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಮನಸ್ಸನ್ನು ವಿಚಾರಣೆಗೆ ಕರೆಯಬಹುದು, ಮೈಯನ್ನು ಕರೆಯಲಾಗದು.

ಇಷ್ಟು ಗಟ್ಟಿಯಾದ ನೆಪವನ್ನು ಕೊಡುವ ಈ ‘ಸುಸ್ತು’ ಕನ್ನಡದ್ದಲ್ಲ, ಪಾರಸಿಯದು. ಅಲ್ಲಿ ‘ಸುಸ್ತ್’ ಎಂದರೆ ಸಡಿಲವಾದದ್ದು, ಬಿಗಿಯಿಲ್ಲದ್ದು, ದುರ್ಬಲವಾದದ್ದು. ಹಗ್ಗವೂ ಸುಸ್ತ್ ಆಗಬಹುದು, ಮನುಷ್ಯನೂ ಆಗಬಹುದು. ಸಡಿಲು ಮನುಷ್ಯನೆಂದರೆ ಚುರುಕಿಲ್ಲದವನು, ಮೈಗಳ್ಳ. ಹಿಂದಿ, ಉರ್ದು, ಮರಾಠಿಗಳು ಮುಖ್ಯವಾಗಿ ಹಿಡಿದುಕೊಂಡದ್ದು ಈ ಅರ್ಥವನ್ನೇ. ಹಿಂದಿಯವನಿಗೆ ‘ನೀನು ಸುಸ್ತ್’ ಎಂದರೆ ಬೈದಂತೆ. ಕನ್ನಡದವನಿಗೆ ‘ನಿನಗೆ ಸುಸ್ತಾಗಿದೆ’ ಎಂದರೆ ಕಾಫಿ ಕೊಡುವ ಮುನ್ಸೂಚನೆ. ಹಿಂದಿಯಲ್ಲೂ ದಣಿವಾರಿಸಿಕೊಳ್ಳುವುದಕ್ಕೆ ‘ಸುಸ್ತಾನಾ’ ಎಂಬ ಕ್ರಿಯಾಪದವಿದೆ, ಆದ್ದರಿಂದ ಮೈಯ ಅರ್ಥ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಬೈಗುಳವನ್ನು ಪೂರ್ತಿ ತೊಳೆದು ಬರೀ ಆಯಾಸವನ್ನು ಉಳಿಸಿಕೊಂಡದ್ದು ಕನ್ನಡ.

ಪಾರಸಿ ಇಲ್ಲಿಗೆ ಬಂದ ದಾರಿಯನ್ನು ಹುಡುಕಲು ದೂರ ಹೋಗಬೇಕಿಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಿಣಿಯ ಎದುರಿಗಿರುವ ಕಟ್ಟಡವನ್ನು ಊರವರು ಕರೆಯುವುದೇ ಮುಸಾಫಿರ್‌ಖಾನೆ ಎಂದು. ಬಿಜಾಪುರದ ಆದಿಲ್‌ಶಾಹಿಗಳ ದಂಡು ಈ ಸೀಮೆಗೆ ಬಂದಿತ್ತು. ಆಮೇಲೆ ಮರಾಠರು, ಹೈದರ್, ಟಿಪ್ಪು. ಆಳುವವರು ಬದಲಾದರೂ ಕಂದಾಯದ ಕಡತದ ಮಾತು ಹೆಚ್ಚು ಬದಲಾಗಲಿಲ್ಲ: ಬಾಕಿ, ವಸೂಲಿ, ಜಮೀನು, ರಸೀದಿ ಎಲ್ಲ ಆ ಕಡೆಯವೇ. ‘ಸುಸ್ತಿ’ಯೂ ಆ ಸಾಲಿನದು.

ಹೌದು, ಸಾಲದ ‘ಸುಸ್ತಿ’ಯೇ. ಪಾರಸಿಯಲ್ಲಿ ‘ಸುಸ್ತೀ’ ಎಂದರೆ ಸಡಿಲತನ, ಆಲಸ್ಯ. ಗಡುವಿಗೆ ಕಟ್ಟಬೇಕಾದ ಹಣವನ್ನು ಕಟ್ಟದೆ ಸಡಿಲ ಬಿಟ್ಟವನು ಸುಸ್ತಿದಾರ. ಹೊನ್ನಾಳಿಯದೋ ನ್ಯಾಮತಿಯದೋ ಯಾವುದೇ ಸೊಸೈಟಿಯ ನೋಟಿಸ್ ಬೋರ್ಡಿನ ಮುಂದೆ ನಿಂತರೆ ಸುಸ್ತಿ ಸಾಲ, ಸುಸ್ತಿ ಬಡ್ಡಿ, ಸುಸ್ತಿದಾರರ ಪಟ್ಟಿ ಎಂಬ ಮಾತುಗಳು ಕಾಣುತ್ತವೆ. ಒಂದೇ ತಾಯಿಯ ಎರಡು ಮಕ್ಕಳು ಇಷ್ಟು ಬೇರೆಯಾಗಿ ಬೆಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತೋಟದಲ್ಲಿ ದುಡಿದು ಬಂದವನಿಗೆ ಸುಸ್ತು, ಆ ತೋಟದ ಮೇಲಿನ ಕಂತು ಕಟ್ಟದಿದ್ದರೆ ಅವನದೇ ಹೆಸರಿನಲ್ಲಿ ಸುಸ್ತಿ. ಮೊದಲನೆಯದಕ್ಕೆ ಕನಿಕರ, ಎರಡನೆಯದಕ್ಕೆ ನೋಟಿಸು. ಪಾರಸಿಯ ಹಳೆಯ ಆಪಾದನೆ ‘ಸುಸ್ತು’ವಿನಿಂದ ಅಳಿಸಿಹೋದರೂ ಕಚೇರಿಯ ‘ಸುಸ್ತಿ’ಯಲ್ಲಿ ಭದ್ರವಾಗಿ ಉಳಿದಿದೆ.

ಸ್ವಭಾವದ ಮಾತು ಹೀಗೆ ಮೈಯ ಮಾತಾದದ್ದು ಒಂಟಿ ಪದದ ಕಥೆಯಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ‘ಹುಷಾರು’ವನ್ನು ನೋಡಿ. ಪಾರಸಿಯ ‘ಹೋಶಿಯಾರ್’ ಎಂದರೆ ಎಚ್ಚರವುಳ್ಳವನು, ಜಾಣ. ಹಿಂದಿಯಲ್ಲಿ ಇವತ್ತಿಗೂ ಹಾಗೆಯೇ. ಕನ್ನಡದಲ್ಲಿ ‘ಹುಷಾರಾಗಿ ಹೋಗು’ ಎನ್ನುವಾಗ ಎಚ್ಚರ ಉಳಿದಿದೆ, ‘ಹುಡುಗ ಭಾಳ ಹುಷಾರು’ ಎನ್ನುವಾಗ ಜಾಣತನವೂ ಉಳಿದಿದೆ. ಆದರೆ ‘ಮೈಯಾಗೆ ಹುಷಾರಿಲ್ಲ ಮಾವ, ಗೃಹಪ್ರವೇಶಕ್ಕೆ ಬರಾಕಾಗ್ಲಿಲ್ಲ’ ಎಂದಾಗ ಅದು ನೇರ ಆರೋಗ್ಯದ ಮಾತು. ಹಿಂದಿಯವರ ಕಿವಿಗೆ ಇದು ‘ನಾನು ಜಾಣನಲ್ಲ, ಅದಕ್ಕೇ ಬರಲಿಲ್ಲ’ ಎಂದಂತೆ ಕೇಳೀತು! ಸ್ವಭಾವವನ್ನು ಹೇಳುವ ಎರಡು ಪದಗಳನ್ನು ತಂದು ಎರಡನ್ನೂ ಮೈಗೆ ಅಂಟಿಸಿದ್ದೇವೆ. ಕರೆದವರಿಗೆ ನೋವಾಗದಂತೆ ‘ಇಲ್ಲ’ ಎನ್ನಲು ಮೈಯೇ ಅನುಕೂಲ ಎಂಬುದು ಇದಕ್ಕೆ ಒಂದು ಕಾರಣವಿರಬೇಕೆಂದು ನನಗೆ ಅನಿಸುತ್ತದೆ. ಎಲ್ಲ ಭಾಷೆಗಳಿಗೂ ಈ ಸಂಕೋಚ ಇಲ್ಲ. ಸ್ಪಾನಿಷ್ ಮಾತಾಡುವವರು ಸಂಜೆಯ ಕರೆಗೆ ‘ಕೆ ಪೆರೇಸಾ’, ಅಂದರೆ ಎಂಥ ಸೋಮಾರಿತನ, ಎಂದು ರಾಜಾರೋಷವಾಗಿ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ತೆಲುಗಿನವರ ‘ಓಪಿಕ ಲೇದು’ ನಮಗೆ ಹತ್ತಿರ: ತಾಳ್ಮೆ ಎಂಬ ಅರ್ಥದ ‘ಓಪಿಕ’ವೇ ಅಲ್ಲಿ ಮೈಯ ಕಸುವೂ ಆಗಿದೆ.

ಹಾಗಾದರೆ ಪಾರಸಿ ಬರುವ ಮೊದಲು ನಮ್ಮವರು ಏನೆನ್ನುತ್ತಿದ್ದರು? ದಣಿವು ಇತ್ತು, ಬೇಸರವೂ ಇತ್ತು. ‘ದಣಿ’ಗೆ ಹಿಂದೆ ತೃಪ್ತಿಯ ಅರ್ಥವೂ ಇದ್ದದ್ದು ‘ಮನದಣಿಯೆ’, ‘ಕಣ್ದಣಿಯೆ’ ಎಂಬ ಮಾತುಗಳಲ್ಲಿ ಇನ್ನೂ ಕಾಣುತ್ತದೆ. ತುಂಬಿ ಸಾಕಾಗುವುದಕ್ಕೂ ಸೋತು ಸಾಕಾಗುವುದಕ್ಕೂ ಒಂದೇ ಪದ. ಇಂದಿನ ‘ಸಾಕಾಗೈತಿ’ಯೂ ಅದೇ ದಾರಿಯದು.

ಬೇಸರದ್ದು ಇನ್ನೂ ಸ್ವಾರಸ್ಯದ ಸಂಗತಿ. ಬೇಸರವೂ ಬೇಜಾರೂ ಒಂದೇ ಪದದ ಎರಡು ಉಚ್ಚಾರ ಎಂದು ಅನೇಕರು ತಿಳಿದಿದ್ದಾರೆ. ಜಗಳೂರು ಕಡೆಯ ‘ಬ್ಯಾಸ್ರ’, ‘ಬ್ಯಾಜಾರು’ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಯಾರಿಗಾದರೂ ಹಾಗೇ ಅನಿಸೀತು. ಸಂಬಂಧವಿಲ್ಲ. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ: ಅಲ್ಲಿಯ ವಿಲ್ ಇಲ್ಲಿ ಬಿಲ್ಲು, ಅಲ್ಲಿಯ ವೇರ್ ಇಲ್ಲಿ ಬೇರು. ತಮಿಳಿನಲ್ಲೂ ತೆಲುಗಿನಲ್ಲೂ ‘ವೇಸರು’ ಇದೆ, ಅರ್ಥ ದಣಿ, ಬೇಸತ್ತು ಹೋಗು. ಇಲ್ಲಿ ಅದು ಬೇಸರ. ಹಾಗಾಗಿ ಅದು ಮನೆಯ ಮಗಳು. ‘ಬೇಜಾರು’ ಮಾತ್ರ ಪಾರಸಿಯ ‘ಬೇಜಾರ್’, ಅಲ್ಲಿ ಅದರ ಅರ್ಥ ರೋಸಿಹೋದವನು, ಹೇಸಿಕೊಂಡವನು. ಸದ್ದು ಹತ್ತಿರವಿದ್ದುದರಿಂದ ಸೊಸೆ ಮಗಳ ಜೊತೆ ಸುಲಭವಾಗಿ ಹೊಂದಿಕೊಂಡಳು, ಹೇಸಿಗೆಯ ಖಾರವನ್ನು ತವರಲ್ಲೇ ಬಿಟ್ಟಳು.

ಹೊಂದಿಕೊಂಡ ಮೇಲೆ ಆಕೆ ಗಳಿಸಿದ ಅರ್ಥಗಳು ಒಂದೆರಡಲ್ಲ. ‘ಯಾಕೋ ಬೇಜಾರು, ಬರಲ್ಲ’ ಎಂದರೆ ಉತ್ಸಾಹವಿಲ್ಲ ಎಂದು. ಹಾಗೆ ಹೇಳಿದವನೇ ಫೋನಿಡುವ ಮುನ್ನ ‘ಬೇಜಾರ್ ಮಾಡ್ಕಬ್ಯಾಡ’ ಎನ್ನುತ್ತಾನೆ, ಅಂದರೆ ನೊಂದುಕೊಳ್ಳಬೇಡ ಎಂದು. ಬರದಿರುವ ಕಾರಣವೂ ಬರದಿದ್ದುದರ ಪರಿಣಾಮವೂ ಒಂದೇ ಪದ! ಬೇಜಾರಿನ ನೆಪಕ್ಕೆ ಸುಸ್ತಿನಷ್ಟು ಬಲ ಇಲ್ಲದಿರುವುದೂ ಇದರಿಂದಲೇ. ‘ಬೇಜಾರು’ ಎಂದ ಕೂಡಲೇ ‘ಏನಾತು?’ ಎಂದು ಕೇಳುತ್ತಾರೆ, ಉತ್ತರ ಸಿದ್ಧವಿಟ್ಟುಕೊಂಡಿರಬೇಕು.

ಇತ್ತೀಚಿನ ಅತಿಥಿ ‘ಮೂಡ್’. ಹಳೆಯ ಇಂಗ್ಲಿಷಿನಲ್ಲಿ ‘ಮೋಡ್’ ಎಂದರೆ ಮನಸ್ಸು, ಕೆಚ್ಚು; ಅದರ ಜರ್ಮನ್ ಬಂಧು ‘ಮೂಟ್’ ಇಂದಿಗೂ ಧೈರ್ಯವೇ. ನಮ್ಮಲ್ಲಿ ಅದಕ್ಕೊಂದು ಅದೃಷ್ಟ ಕಾದಿತ್ತು: ‘ಮೂಡಿಲ್ಲ’ ಎಂದರೆ ಕನ್ನಡದಲ್ಲಿ ಹುಟ್ಟಿಲ್ಲ, ಉದಯಿಸಿಲ್ಲ ಎಂದೂ ಆಗುತ್ತದೆ. ಹೋಗಬೇಕೆಂಬ ಆಸೆ ಇನ್ನೂ ಮೂಡಿಲ್ಲ! ಇಷ್ಟಾದರೂ ಅದರ ಓಡಾಟ ಗೆಳೆಯರ ನಡುವೆ ಮಾತ್ರ. ಹೊನ್ನಾಳಿಯ ಹುಡುಗ ಜೊತೆಗಾರನಿಗೆ ‘ಮೂಡಿಲ್ಲ ಹೋಗಲೇ’ ಎಂದಾನು, ಸೋದರಮಾವನಿಗೆ ಹೇಳಲಾರ. ಮಾವನ ಮುಂದೆ ಅವನೂ ಸುಸ್ತೆಂದೋ ಹುಷಾರಿಲ್ಲವೆಂದೋ ಅನ್ನಬೇಕು. ಮನಸ್ಸಿನಿಂದ ಮೈಗೆ ಇಳಿಯುವವರೆಗೆ ಮೂಡ್‌ಗೆ ಹಿರಿಯರ ಮುಂದೆ ಜಾಗವಿಲ್ಲ.

ಸಾಲ ಕೊಟ್ಟ ಸೊಸೈಟಿಯ ಮುಂದೆ ಮಾತ್ರ ಈ ನೆಪಗಳು ಯಾವುವೂ ನಡೆಯುವುದಿಲ್ಲ. ಕರ್ನಾಟಕ ಸಹಕಾರ ಸಂಘಗಳ 1959ರ ಕಾಯ್ದೆಯಲ್ಲಿ ಸುಸ್ತಿದಾರ ಸದಸ್ಯನಿಗೆ ಮತ ಹಾಕುವ ಹಕ್ಕಿಲ್ಲ. ಸುಸ್ತಾಗಿ ಕಂತು ಕಟ್ಟಲಿಲ್ಲ ಎಂದರೆ ಕಾರ್ಯದರ್ಶಿ ಒಪ್ಪುವುದೂ ಇಲ್ಲ.