ಹಳೆಯ ಫಾಂಟಿನ ಉಪನ್ಯಾಸ ಪಠ್ಯ: ಯೂನಿಕೋಡ್ ಪರಿವರ್ತನೆ

ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಉಪನ್ಯಾಸಗಳಿಂದ ಟಿಪ್ಪಣಿ, ಸ್ಲೈಡುಗಳನ್ನು ಮಾಡುವ ಮೊದಲು ಆ ಪಠ್ಯವನ್ನು ಯೂನಿಕೋಡಿಗೆ ತರಬೇಕಾಗುತ್ತದೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುವ ಸೌಲಭ್ಯ ವಿಂಡೋಸಿನಲ್ಲಿ ಬಂದದ್ದು 2001ರ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನೊಂದಿಗೆ. ಅಲ್ಲಿಯವರೆಗೆ ತಂತ್ರಾಂಶ ತಯಾರಕರು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ಸಾಗಿಸಿದರು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿಯದು ಒಂದು ಜೋಡಣೆ. ಕನ್ನಡ ಗಣಕ ಪರಿಷತ್ತಿನ ನುಡಿಯದು ಇನ್ನೊಂದು. ಹಾಗಾಗಿ ಯಾವ ಫಾಂಟು ಎಂದು ಮೊದಲು ತಿಳಿಯದೆ ಪರಿವರ್ತನೆಗೆ ಕೈಹಾಕುವುದು ವ್ಯರ್ಥ. ನುಡಿಯ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’, ‘ಕರ್ನಾಟಕ’ ಎಂಬ ಪದಗಳು ಹೀಗೆ ಕಾಣುತ್ತವೆ:

```
PÀ£ÀßqÀ
PÀ£ÁðlPÀ
```

ಮೊದಲನೆಯದು ಸುಲಭ: `PÀ` ಎಂದರೆ ಕ, `£À` ಎಂದರೆ ನ, `ß` ನಕಾರದ ಒತ್ತು, `qÀ` ಎಂದರೆ ಡ. ತೊಡಕಿರುವುದು ಎರಡನೆಯದರಲ್ಲಿ. ಅಲ್ಲಿ `£Á` (ನಾ) ಆದ ಮೇಲೆ ಅರ್ಕಾವತ್ತಿನ `ð` ಬರುತ್ತದೆ, ಏಕೆಂದರೆ ಕಣ್ಣಿಗೆ ಕಾಣುವ ಕ್ರಮ ಅದೇ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಹಿಡಿಯುತ್ತದೆ: ಮೊದಲು ರ್, ಆಮೇಲೆ ನಾ. ಬರೀ ಒಂದರ ಬದಲು ಇನ್ನೊಂದನ್ನು ಇಡುವ ಪಟ್ಟಿ ಸಾಲದು. ಪರಿವರ್ತಕವು `ð` ಕಂಡಾಗ ಹಿಂದಿನ ಇಡೀ ಅಕ್ಷರವನ್ನು ದಾಟಿ ರಕಾರವನ್ನು ಅದಕ್ಕಿಂತ ಮೊದಲು ಇಡಬೇಕು. ದೀರ್ಘವೂ ಹಾಗೆಯೇ ಬಿಡಿಯಾಗಿರುತ್ತದೆ: `PÉÃ` ಎಂಬುದು ಕೆ ಮತ್ತು ದೀರ್ಘದ ಗುರುತು. ಅವೆರಡೂ ಕೂಡಿ ಕೇ ಆಗಬೇಕು.

ಉಪನ್ಯಾಸದ ಪಠ್ಯದಲ್ಲಿ ಇನ್ನೊಂದು ಅಪಾಯವಿದೆ, ವಿಜ್ಞಾನದ ಪಾಠಗಳಲ್ಲಂತೂ ತಪ್ಪಿದ್ದಲ್ಲ. ನಡುನಡುವೆ ನಿಜವಾದ ಇಂಗ್ಲಿಷ್ ಇರುತ್ತದೆ. ನುಡಿಯಲ್ಲಿ `D` ಎಂದರೆ ಆ, `N` ಎಂದರೆ ಓ, `A` ಎಂದರೆ ಸೊನ್ನೆ; ಕಣ್ಣುಮುಚ್ಚಿ ಪರಿವರ್ತಿಸಿದರೆ `DNA` ಎಂಬುದು ‘ಆಓಂ’ ಆಗಿ ಸ್ಲೈಡಿನ ಮೇಲೆ ಕೂರುತ್ತದೆ. ಪಠ್ಯವನ್ನು ನೋಟ್‌ಪ್ಯಾಡಿಗೆ ಅಂಟಿಸಿದರೆ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಗುರುತು ಅಳಿದುಹೋಗುತ್ತದೆ. ಆದ್ದರಿಂದ ಮೂಲ ವರ್ಡ್ ಕಡತದಲ್ಲೇ, ನುಡಿ ಫಾಂಟಿನ ತುಣುಕುಗಳನ್ನು ಮಾತ್ರ ಆರಿಸಿ ಬದಲಿಸುವುದು ಮೇಲು.

ಪರಿವರ್ತನೆ ಮುಗಿದ ಮೇಲೆ `À`, `ð`, `Ã` ಎಲ್ಲಾದರೂ ಉಳಿದಿವೆಯೇ ಎಂದು ಹುಡುಕಬೇಕು. ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿ ನಿಂತ ಕಾಗುಣಿತದ ಗುರುತು ಕಂಡರೆ, ಅಲ್ಲಿ ಕ್ರಮ ತಪ್ಪಿದೆ ಎಂದರ್ಥ. ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಿದ್ದರೆ ಜ್ ಆದ ಮೇಲೆ ಕಣ್ಣಿಗೆ ಕಾಣದ `U+200C` ಸೇರಿಸಬೇಕು. ಇದನ್ನು ಬಹುಪಾಲು ಕೈಯಿಂದಲೇ ತಿದ್ದಬೇಕಾಗುತ್ತದೆ: ಎಲ್ಲಿ ಒತ್ತು ಬೇಕು, ಎಲ್ಲಿ ಬೇಡ ಎಂಬುದು ಓದುವವರಿಗಷ್ಟೇ ಗೊತ್ತು. ಅಕ್ಷರಗಳ ಅಗಲವೂ ಬದಲಾಗುವುದರಿಂದ ಸ್ಲೈಡಿನ ಚೌಕಟ್ಟುಗಳನ್ನು ಈ ತಿದ್ದುಪಡಿ ಮುಗಿದ ಬಳಿಕವೇ ಅಳತೆಗೆ ತರುವುದು ಒಳ್ಳೆಯದು.